ಪದಕ್ಕೆ ಎರಡು ರೂಪಾಯಿ, ಆದರೆ ಯಾವ ಪದಕ್ಕೆ?

ತುಮಕೂರಿನ ವಸಂತನರಸಾಪುರದಲ್ಲಿ ಪಂಪ್ ತಯಾರಿಸುವ ಒಂದು ಕಂಪನಿ ತನ್ನ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡಲು ಕೇಳಿತ್ತು. ನಾನು ಕಳಿಸಿದ ಕೊಟೇಶನ್ ಮೇಲ್ ಹೀಗಿತ್ತು:

> ನಮಸ್ಕಾರ ಸರ್,
>
> ನೀವು ಕಳಿಸಿದ ವರ್ಡ್ ಫೈಲಿನಲ್ಲಿ 6,400 ಇಂಗ್ಲಿಷ್ ಪದಗಳಿವೆ. ಇವುಗಳಲ್ಲಿ 900 ಪದ ಹಾಗೆಹಾಗೇ ಮರುಕಳಿಸುವ ಎಚ್ಚರಿಕೆ ವಾಕ್ಯಗಳು. 5,500 ಪದಕ್ಕೆ ತಲಾ ₹2, ಮರುಕಳಿಸುವ 900ಕ್ಕೆ ತಲಾ ₹1. ಒಟ್ಟು ₹11,900. ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಜಿಎಸ್‌ಟಿ ಸೇರಿಲ್ಲ.
>
> ಮುಂಗಡ ₹5,950. ಅದು ಬಂದು, ಪದಪಟ್ಟಿಗೆ ನಿಮ್ಮ ಒಪ್ಪಿಗೆ ಸಿಕ್ಕ ಮೇಲೆ 6 ಕೆಲಸದ ದಿನಗಳಲ್ಲಿ ಅನುವಾದ ಕೊಡುತ್ತೇನೆ. ಉಳಿದ ₹5,950 ಅನುವಾದ ಕೊಟ್ಟ ದಿನದಿಂದ 15 ದಿನದೊಳಗೆ.
>
> ಎರಡು ಸುತ್ತಿನ ತಿದ್ದುಪಡಿ ಈ ದರದಲ್ಲೇ ಸೇರಿದೆ. ಮೊದಲ ಸುತ್ತಿನ ಟಿಪ್ಪಣಿಗಳು 7 ದಿನದೊಳಗೆ, ಒಂದೇ ಫೈಲಿನಲ್ಲಿ ಬರಲಿ. ಮೂಲದಲ್ಲೇ ಬದಲಾವಣೆಯಾದರೆ ಆ ಭಾಗಕ್ಕೆ ಹೊಸದಾಗಿ ಲೆಕ್ಕ.
>
> ಈ ದರ 15 ದಿನ ಊರ್ಜಿತ.

ಮೇಲ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು 'ಇಂಗ್ಲಿಷ್ ಪದಗಳು' ಎಂಬ ಮಾತು. 'ಡು ನಾಟ್ ಟಚ್ ವಿತ್ ವೆಟ್ ಹ್ಯಾಂಡ್ಸ್' ಅಂದರೆ ಆರು ಪದ. ಅದೇ 'ಒದ್ದೆ ಕೈಯಿಂದ ಮುಟ್ಟಬೇಡಿ' ಅಂದರೆ ಮೂರು. ನಮ್ಮಲ್ಲಿ ವಿಭಕ್ತಿ, ನಿಷೇಧ ಎಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುವುದರಿಂದ, ಕನ್ನಡದ ಪದ ಎಣಿಸಿ ದುಡ್ಡು ಕೇಳಿದರೆ ಕೂಲಿಯೇ ಕರಗುತ್ತದೆ. ಅಲ್ಲದೆ 'ಮಾಡ ಬೇಕು' ಎಂದು ಬಿಡಿಸಿ ಬರೆದು ಎಣಿಕೆ ಹೆಚ್ಚಿಸಿದ್ದಾರೆ ಎಂಬ ಅನುಮಾನಕ್ಕೂ ದಾರಿಯಾಗುತ್ತದೆ. ಮೂಲದ ಎಣಿಕೆಯಾದರೆ ಕೆಲಸಕ್ಕೆ ಮೊದಲೇ ಇಬ್ಬರಿಗೂ ಒಂದೇ ಮೊತ್ತ ಗೊತ್ತಿರುತ್ತದೆ. ಎಣಿಸುವಾಗ ಚಿತ್ರದೊಳಗಿನ ಅಕ್ಷರಗಳ ಕಡೆ ಒಂದು ಕಣ್ಣಿರಬೇಕು. ವರ್ಡ್ ಅವನ್ನು ಎಣಿಸುವುದಿಲ್ಲ. ಪಂಪಿನ ಬಿಡಿಭಾಗಗಳ ಹೆಸರುಗಳೆಲ್ಲ ಅಲ್ಲೇ ಇರುತ್ತವೆ. ಮೇಲಿನ 6,400ರಲ್ಲಿ ಚಿತ್ರಗಳಿಂದ ಕೈಯಲ್ಲೇ ಎಣಿಸಿ ಸೇರಿಸಿದ್ದು 310. ಮರುಕಳಿಸುವ ವಾಕ್ಯಕ್ಕೂ ಅರ್ಧ ದರ ಇಟ್ಟಿರುವುದು ಯಾಕೆಂದರೆ, ಅದನ್ನೂ ಪ್ರತಿ ಜಾಗದಲ್ಲಿ ಕೂರಿಸಿ ಓದಬೇಕು.

ತಿದ್ದುಪಡಿಯ ಜಗಳ ಬಹುಪಾಲು ಪದಗಳದ್ದು, ವಾಕ್ಯಗಳದ್ದಲ್ಲ. ಮಾರ್ಕೆಟಿಂಗ್‌ನವರಿಗೆ 'ಜಲಪಂಪ್' ಬೇಕು, ಸರ್ವಿಸ್ ಎಂಜಿನಿಯರಿಗೆ 'ಪಂಪು' ಸಾಕು, ಮಧುಗಿರಿ ಕಡೆಯ ರೈತ 'ಮೋಟ್ರು' ಅನ್ನುತ್ತಾನೆ. ಮೂವರೂ ಬೇರೆಬೇರೆ ದಿನ ತಿದ್ದಿ ಕಳಿಸಿದರೆ ಎರಡು ಸುತ್ತು ಹೋಗಿ ಐದಾಗುತ್ತದೆ. ಅದಕ್ಕೇ ಅನುವಾದ ಶುರುಮಾಡುವ ಮುಂಚೆ ಇಪ್ಪತ್ತೈದು ಪದಗಳ ಪಟ್ಟಿ ಕಳಿಸಿ, ಮೇಲ್‌ನಲ್ಲೇ ಒಪ್ಪಿಗೆ ಪಡೆಯುತ್ತೇನೆ. ಸ್ಟಾರ್ಟರ್, ಫೇಸ್, ಫುಟ್‌ವಾಲ್ವ್ ಹಾಗೆಯೇ ಉಳಿಯಬೇಕೇ ಎಂಬುದು ಅಲ್ಲೇ ತೀರ್ಮಾನವಾಗಬೇಕು. ಆಮೇಲೆ ಆ ಪದ ಬದಲಿಸಿ ಅಂದರೆ ಅದು ತಿದ್ದುಪಡಿ ಅಲ್ಲ, ಹೊಸ ಕೆಲಸ. ನನ್ನ ತಪ್ಪಾಗಿದ್ದರೆ ಮಾತ್ರ ಎಷ್ಟು ಸುತ್ತಾದರೂ ದುಡ್ಡಿಲ್ಲ. ಇದನ್ನೂ ಒಪ್ಪಿಗೆಯ ಮೇಲ್‌ನಲ್ಲಿ ಬರೆದುಬಿಡುವುದು ಒಳ್ಳೆಯದು, ಗ್ರಾಹಕರಿಗೆ ಧೈರ್ಯ ಬರುತ್ತದೆ.

ಎರಡನೆಯ ಸುತ್ತನ್ನು ನಾನು ಡಿಟಿಪಿ ಆದ ಪಿಡಿಎಫ್‌ಗೆ ಉಳಿಸಿಕೊಳ್ಳುತ್ತೇನೆ. ಯೂನಿಕೋಡ್‌ನಲ್ಲಿ ಕೊಟ್ಟದ್ದನ್ನು ಪ್ರೆಸ್‌ನವರು ಹಳೆಯ ನುಡಿ ಫಾಂಟಿಗೆ ಬದಲಾಯಿಸುವಾಗ ಅರ್ಕಾವೊತ್ತು, ಒತ್ತಕ್ಷರಗಳು ಜಾಗ ತಪ್ಪುತ್ತವೆ. 'ಕಾರ್ಯ', 'ವೋಲ್ಟೇಜ್' ಇರುವ ಸಾಲುಗಳನ್ನು ಮೊದಲು ನೋಡಿದರೆ ಸಾಕು, ಪರಿವರ್ತನೆ ಹೇಗಾಗಿದೆ ಎಂಬುದು ತಿಳಿಯುತ್ತದೆ. ಪರಿವರ್ತನೆಯಲ್ಲಿ ಆದ ತಪ್ಪನ್ನು ನಾನು ಗುರುತು ಹಾಕಿ ಕಳಿಸುತ್ತೇನೆ, ಸರಿಪಡಿಸುವುದು ಪ್ರೆಸ್‌ನವರ ಪಾಲು.

ಹಣದ ವಿಷಯದಲ್ಲಿ 'ಫೈನಲ್ ಆದ ಮೇಲೆ ಬಾಕಿ' ಎಂಬ ಮಾತಿಗೆ ಒಪ್ಪುವುದಿಲ್ಲ. ಕೈಪಿಡಿ ಅಚ್ಚಿಗೆ ಹೋಗುವುದು ಆರು ತಿಂಗಳು ತಡವಾದರೆ ಬಾಕಿಯೂ ಆರು ತಿಂಗಳು ತಡ. ಅದಕ್ಕೇ ಕೊಟ್ಟ ದಿನದಿಂದಲೇ ಎಣಿಕೆ. ಇನ್ನು ಟಿಡಿಎಸ್: ಇಂಥ ಕೆಲಸದ ಬಿಲ್ಲಿಗೆ ಕಂಪನಿಗಳು ಸಾಮಾನ್ಯವಾಗಿ ವೃತ್ತಿ ಶುಲ್ಕವೆಂದು 10% ಹಿಡಿಯುತ್ತವೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ ಒಬ್ಬರಿಗೆ ₹50,000 ದಾಟದಿದ್ದರೆ ಆ ಕಡಿತ ಬೇಕಿಲ್ಲ. ಇದೊಂದೇ ಬಿಲ್ಲಾದರೆ ಪೂರ್ತಿ ₹11,900 ಬರಬೇಕು. ₹10,710 ಮಾತ್ರ ಬಂದರೆ ಜಗಳಕ್ಕೆ ಇಳಿಯದೆ ಅಕೌಂಟ್ಸ್ ವಿಭಾಗವನ್ನು ಕೇಳಿ, ಕಡಿತವಾದ ₹1,190 ನಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಬೇಕು.