ಎಂಎಸಿಡಿ ಲೆಕ್ಕ: ಮೊದಲ ಅಂಕಿ ಸರಿಯಿರಲಿ

ರಾಯಚೂರಿನ ನಮ್ಮ ಮನೆಗೆ ಭಾನುವಾರ ಕೆಲವು ಹುಡುಗರು ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಷೇರು ಬೆಲೆಯ 12 ಮತ್ತು 26 ದಿನದ ಸರಾಸರಿಗಳ ಅಂತರವನ್ನು ತೋರಿಸುವ ಎಂಎಸಿಡಿಯ ಎಕ್ಸೆಲ್ ಶೀಟ್ ಮಾಡಿರುತ್ತಾರೆ, ಆದರೆ ಚಾರ್ಟಿಗೆ ತಾಳೆಯಾಗುವುದಿಲ್ಲ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ, ಸರಾಸರಿಯ ಮೊದಲ ಅಂಕಿಯಲ್ಲಿ.

ಮೊದಲು B ಕಾಲಂನಲ್ಲಿ, B2ರಿಂದ ಕೆಳಗೆ, ದಿನದ ಕ್ಲೋಸಿಂಗ್ ಬೆಲೆಗಳನ್ನು ಹಳೆಯದರಿಂದ ಹೊಸದಕ್ಕೆ ತುಂಬಿ.

ಇನ್ನು ಕಷ್ಟದ ಹಂತ. ಎಕ್ಸ್‌ಪೊನೆನ್ಷಿಯಲ್ ಸರಾಸರಿ ಎಂದರೆ ನಿನ್ನೆಯ ಸರಾಸರಿಯನ್ನು ಇಂದಿನ ಬೆಲೆಯ ಕಡೆಗೆ ಸ್ವಲ್ಪ ಸರಿಸುವುದು. 12 ದಿನದ್ದಕ್ಕೆ ಇವೆರಡರ ಅಂತರದ 13ರಲ್ಲಿ 2 ಪಾಲು, 26 ದಿನದ್ದಕ್ಕೆ 27ರಲ್ಲಿ 2 ಪಾಲು. ಆದರೆ ಮೊದಲ ದಿನಕ್ಕೆ 'ನಿನ್ನೆ' ಎಲ್ಲಿದೆ? ಸುಮ್ನೆ ಖಾಲಿ ಬಿಟ್ಟರೆ ಎಕ್ಸೆಲ್ ಅದನ್ನು ಸೊನ್ನೆ ಎಂದುಕೊಳ್ಳುತ್ತದೆ. ಆಗ 200 ರೂಪಾಯಿಯ ಷೇರಿನ ಮೊದಲ ದಿನವೇ ಸರಾಸರಿಗಳು 30.77 ಮತ್ತು 14.81 ಆಗುತ್ತವೆ. ಬೆಲೆ ಕದಲದಿದ್ದರೂ ಎಂಎಸಿಡಿ ಸುಮಾರು 16! ಚಾರ್ಟಿನ ಎಡತುದಿಯಲ್ಲಿ ಇಂಥ ಗುಡ್ಡ ಕಂಡರೆ ತಪ್ಪು ಇದೇ. ಅದಕ್ಕೇ ಮೊದಲ ಅಂಕಿಗೆ ಸಾದಾ ಸರಾಸರಿ ಹಾಕಿ:

```
C13: =AVERAGE(B2:B13)
C14: =C13+(B14-C13)*2/13
D27: =AVERAGE(B2:B27)
D28: =D27+(B28-D27)*2/27
E27: =C27-D27
F35: =AVERAGE(E27:E35)
F36: =F35+(E36-F35)*2/10
G35: =E35-F35
```

C14, D28, E27, F36, G35 ಇವನ್ನು ಕೆಳಗೆ ಎಳೆಯಿರಿ. E ಎಂಎಸಿಡಿ ಗೆರೆ, F ಸಿಗ್ನಲ್ ಗೆರೆ, G ಹಿಸ್ಟೋಗ್ರಾಂ. ಸಿಗ್ನಲ್ ಎನ್ನುವುದು ಎಂಎಸಿಡಿಯ 9 ದಿನದ ಸರಾಸರಿ. ಬೆಲೆಯದಲ್ಲ! ಹೀಗಾಗಿ ಅದು 34ನೇ ದಿನವೇ ಶುರುವಾಗುವುದು.

ಈಗ ಒಂದು ದಿನದ ಲೆಕ್ಕ. ನಿನ್ನೆ ಸರಾಸರಿಗಳು 204 ಮತ್ತು 200, ಎಂಎಸಿಡಿ 4, ಸಿಗ್ನಲ್ 3, ಹಿಸ್ಟೋಗ್ರಾಂ 1 ಎನ್ನೋಣ. ಇಂದು ಬೆಲೆ 217. ಮೊದಲ ಸರಾಸರಿ 206 ಆಯಿತು, ಎರಡನೆಯದು 201.26. ಎಂಎಸಿಡಿ 4.74. ಸಿಗ್ನಲ್ 3.35. ಹಿಸ್ಟೋಗ್ರಾಂ 1.39. ಮರುದಿನ ಬೆಲೆ 206ಕ್ಕೆ ಇಳಿದರೆ ಎಂಎಸಿಡಿ 4.39, ಸಿಗ್ನಲ್ 3.56, ಹಿಸ್ಟೋಗ್ರಾಂ 0.83. ಎಂಎಸಿಡಿ ಇನ್ನೂ ಸಿಗ್ನಲ್ ಮೇಲೆಯೇ ಇದೆ, ಹಿಸ್ಟೋಗ್ರಾಂನ ಪಟ್ಟಿ ಮಾತ್ರ ಗಿಡ್ಡವಾಯಿತು. ಇದನ್ನು ಮಾರುವ ಸೂಚನೆ ಎಂದು ಓದಬೇಡಿ. ಎರಡು ಗೆರೆಗಳ ಅಂತರ ಕಡಿಮೆಯಾಗಿದೆ, ಅಷ್ಟೇ.

ಶೀಟ್ ಸರಿ ಇದೆಯಾ ಎಂದು ನೋಡಲು ನನಗಿಷ್ಟವಾದ ಪರೀಕ್ಷೆ ಒಂದಿದೆ. ಸಿಗ್ನಲ್ ಒಂದು ದಿನದಲ್ಲಿ ಎಷ್ಟು ಸರಿಯಿತೋ ಅದರ ನಾಲ್ಕು ಪಟ್ಟೇ ಆ ದಿನದ ಹಿಸ್ಟೋಗ್ರಾಂ. ಮೇಲೆ 0.35ರ ನಾಲ್ಕು ಪಟ್ಟು 1.40, ದುಂಡು ಮಾಡಿದ್ದರಿಂದ ಒಂದು ಪೈಸೆ ಜಾಸ್ತಿ, ಅಲ್ವಾ? ದುಂಡು ಮಾಡದ ಅಂಕಿಗಳಲ್ಲೂ ವ್ಯತ್ಯಾಸ ಬಂದರೆ F ಕಾಲಂ ನೋಡಿ.

ಇಷ್ಟಾದರೂ ಬ್ರೋಕರ್ ಆ್ಯಪ್‌ಗೆ ಅಂಕಿ ತಾಳೆಯಾಗದಿದ್ದರೆ ಹಳೆಯ ಬೆಲೆಗಳು ಸಾಲದಾಗಿರಬಹುದು. 26 ದಿನದ ಸರಾಸರಿಯಲ್ಲಿ ಮೊದಲ ಅಂಕಿಯ ಪ್ರಭಾವ ಮತ್ತೆ 26 ದಿನ ಕಳೆದರೂ ಶೇ 13ಕ್ಕೂ ಹೆಚ್ಚು ಉಳಿದಿರುತ್ತದೆ. 100 ದಿನ ದಾಟಿದರೆ ಶೇ 0.05ಕ್ಕೂ ಕಡಿಮೆ. ಎರಡು ತಿಂಗಳ ಬೆಲೆ ಹಾಕಿ ತಾಳೆ ನೋಡಬೇಡಿ, ಕನಿಷ್ಠ ಒಂದು ವರ್ಷದ್ದು ತುಂಬಿ.