ಗೋವಾ ಬ್ರಾಂಚ್‌ನ ಬಿಲ್ಲಿಗೆ ನಾನು ಹಾಕಿದ ರೇಟು: ನನ್ನ ಅನುಭವ

ನಮ್ಮ ಗೋಡೌನ್ ಭಿವಂಡಿಯಲ್ಲಿ, ಆಫೀಸು ಮಾಟುಂಗಾದಲ್ಲಿ. ಪುಣೆಯಲ್ಲಿ ಒಂದು ಅಂಗಡಿ, ಗೋವಾದ ಮಡಗಾಂವ್‌ನಲ್ಲಿ ಇನ್ನೊಂದು. ಮಿಕ್ಸರ್ ವ್ಯಾಪಾರ. ಧಣಿಗಳು ಕುಂದಾಪುರದವರು, ಲೆಕ್ಕ ನೋಡುವವನು ನಾನು.

ಪುಣೆಗೆ ನಾವು ಮಾಲು ಕಳಿಸುವುದು ಡೆಲಿವರಿ ಚಲನ್‌ನಲ್ಲಿ. ಒಂದೇ ರಾಜ್ಯ, ಒಂದೇ ಜಿಎಸ್‌ಟಿ ನಂಬರ್, ತೆರಿಗೆ ಇಲ್ಲ. ಅದೇ ಅಭ್ಯಾಸದಲ್ಲಿ 2019ರಲ್ಲಿ ಗೋವಾಕ್ಕೂ ಚಲನ್ ಬರೆದೆ. ಅದೂ ನಮ್ಮದೇ ಅಂಗಡಿ, ದುಡ್ಡು ಕೈ ಬದಲಾಗುವುದಿಲ್ಲ ಅಲ್ವಾ? ಗಾಡಿ ದಾರಿಯಲ್ಲೇ ನಿಂತಿತು. 30 ಮಿಕ್ಸರ್‌ಗೆ ತೆರಿಗೆ ಸುಮಾರು 21,600, ಅಷ್ಟೇ ದಂಡ ಬೇರೆ. ಪ್ಯಾನ್ ಒಂದೇ ಇದ್ದರೂ ರಾಜ್ಯ ಬದಲಾದರೆ ಜಿಎಸ್‌ಟಿಯ ಕಣ್ಣಿಗೆ ಅದು ಬೇರೆ ವ್ಯಕ್ತಿ. ಹಣ ಪಡೆಯದೆ ಕಳಿಸಿದರೂ ಅದು ಸಪ್ಲೈ. ಟ್ಯಾಕ್ಸ್ ಇನ್‌ವಾಯ್ಸ್ ಬೇಕು, ರಾಜ್ಯ ದಾಟುವ ಮಾಲಿಗೆ ಹಾಕುವ ಐಜಿಎಸ್‌ಟಿ ಬೇಕು.

ಆಮೇಲೆ ಇನ್‌ವಾಯ್ಸ್ ಶುರು ಮಾಡಿದೆ. ಆದರೆ ರೇಟು ಎಷ್ಟು ಹಾಕುವುದು? ಕೊಂಡ ರೇಟನ್ನೇ ಹಾಕಿ ಅಂದರು ಆಡಿಟರು. ಮಿಕ್ಸರ್ ಒಂದಕ್ಕೆ ಕೊಂಡ ಬೆಲೆ 4,000. ಶೇ. 18ರಂತೆ ಐಜಿಎಸ್‌ಟಿ 720. ಮಡಗಾಂವ್‌ನಲ್ಲಿ 5,000ಕ್ಕೆ ಮಾರಿದರೆ ತೆರಿಗೆ 900. ಉಳಿದ 180 ರೂಪಾಯಿ ಗೋವಾ ಅಂಗಡಿ ಕೈಯಿಂದ ಕಟ್ಟಬೇಕು. ತಿಂಗಳಿಗೆ 300 ಮಿಕ್ಸರ್, ಹತ್ತಿರ ಹತ್ತಿರ 54,000 ರೂಪಾಯಿ ನಗದು.

ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಅದೇ ಕ್ರೆಡಿಟ್. ಇತ್ತ ಮುಂಬೈಯಲ್ಲಿ ಆ ಕ್ರೆಡಿಟ್ ಕೊಳೆಯುತ್ತಿತ್ತು. ಭಿವಂಡಿ ಬಾಡಿಗೆ, ರ‍್ಯಾಕು, ರಿಪೇರಿ, ಎಲ್ಲದರ ಜಿಎಸ್‌ಟಿ ತಿಂಗಳಿಗೆ 25,000ದಷ್ಟು ಮುಂಬೈ ಖಾತೆಗೇ ಬೀಳುತ್ತದೆ. ಅಲ್ಲಿ ಮಾರಾಟ ಕಡಿಮೆ. ಎರಡು ವರ್ಷದಲ್ಲಿ ಆರು ಲಕ್ಷ ಸೇರಿತು. ನಮ್ಮದು ರಫ್ತಿನ ವ್ಯಾಪಾರ ಅಲ್ಲ, ಕೊಂಡಾಗಲೂ ಮಾರುವಾಗಲೂ ತೆರಿಗೆ ದರ ಒಂದೇ. ಹಾಗಾಗಿ ರಿಫಂಡ್ ಸಿಗುವುದಿಲ್ಲ. "ಎಂತದು ಮಾರಾಯ, ಇಲ್ಲಿ ಲಕ್ಷಗಟ್ಟಲೆ ಇಟ್ಟುಕೊಂಡು ಅಲ್ಲಿ ಓವರ್‌ಡ್ರಾಫ್ಟ್ ತೆಗೆದು ತೆರಿಗೆ ಕಟ್ಟುವುದಾ?" ಅಂದರು ಧಣಿಗಳು.

ಇಂಥ ಬಿಲ್ಲಿನ ಬೆಲೆ ಬಗ್ಗೆ ಇರುವ ಜಿಎಸ್‌ಟಿ ನಿಯಮ 28 ಓದುತ್ತಾ ಕೂತೆ. ಅದರ ಎರಡನೇ ಪರಂತುಕ ಹೇಳುವುದು ಇಷ್ಟು: ಮಾಲು ಪಡೆಯುವ ಬ್ರಾಂಚ್‌ಗೆ ಪೂರ್ತಿ ಕ್ರೆಡಿಟ್ ಸಿಗುವಂತಿದ್ದರೆ, ಇನ್‌ವಾಯ್ಸ್‌ನಲ್ಲಿ ಬರೆದ ಬೆಲೆಯೇ ಮಾರುಕಟ್ಟೆ ಬೆಲೆ. ಅಂದರೆ ಕೊಂಡ ರೇಟೇ ಹಾಕಬೇಕೆಂದೇನಿಲ್ಲ. ನಾನು 4,900 ಹಾಕಿದೆ. ಐಜಿಎಸ್‌ಟಿ 882. ಹೆಚ್ಚಿನ 162 ಮುಂಬೈಯ ಹಳೇ ಕ್ರೆಡಿಟ್‌ನಿಂದ ಹೋಯಿತು. ಗೋವಾಕ್ಕೆ ಕಟ್ಟಲು ಉಳಿದದ್ದು 18 ಮಾತ್ರ. ತಿಂಗಳಿಗೆ 48,000 ಚಿಲ್ಲರೆ ನಗದು ಉಳಿಯಿತು. ಒಟ್ಟು ತೆರಿಗೆ ಒಂದು ಪೈಸೆಯೂ ಕಡಿಮೆಯಾಗಿಲ್ಲ, ಕಟ್ಟುವ ಜೇಬು ಮಾತ್ರ ಬದಲಾಯಿತು.

ಆಡಿಟರು ಒಪ್ಪಲಿಲ್ಲ. "ಸುಮ್ನೆ ತಲೆನೋವು, ನೋಟಿಸ್ ಬಂದರೆ ನೀನೇ ನೋಡ್ಕೊ" ಅಂದರು. ಅವರ ಒಂದು ಮಾತು ಮಾತ್ರ ಸರಿ ಇತ್ತು. ಗೋವಾದಲ್ಲಿ ಮಾರದೆ ಉಳಿದ ಮಾಲು ಪುಸ್ತಕದಲ್ಲಿ 4,900ಕ್ಕೆ ಕೂತು ಸುಳ್ಳು ಲಾಭ ತೋರಿಸುತ್ತಿತ್ತು. ವರ್ಷದ ಕೊನೆಗೆ ಅದನ್ನು ಕೊಂಡ ಬೆಲೆಗೆ ಇಳಿಸಬೇಕು. ಮೊದಲ ವರ್ಷ ನಾನು ಮರೆತಿದ್ದೆ, ಬೈಸಿಕೊಂಡೆ.

ಆಸೆ ಜಾಸ್ತಿಯಾಗಿ ನಡುವೆ ಎರಡು ತಿಂಗಳು 5,600 ಹಾಕಿ ನೋಡಿದೆ. ಮುಂಬೈ ಬೇಗ ಖಾಲಿಯಾಗುತ್ತದೆ ಎಂಬ ಲೆಕ್ಕ. ಮಾರುವ ಬೆಲೆಯನ್ನೇ ದಾಟಿದ್ದರಿಂದ ಈ ಸಲ ಗೋವಾದಲ್ಲಿ ಕ್ರೆಡಿಟ್ ಸಿಕ್ಕಿಬಿತ್ತು. ಅಲ್ಲಿಂದ ವಾಪಸ್ ತರಲು ಮಾಲೇ ವಾಪಸ್ ಬರಬೇಕು! ಈಗ ಪ್ರತಿ ತಿಂಗಳು ಎರಡೂ ಕಡೆಯ ಕ್ರೆಡಿಟ್ ನೋಡಿ ರೇಟು ಹೊಂದಿಸುತ್ತೇನೆ. ಆ ಶೀಟು ಹೇಗಿದೆ ಅಂತ ಮಾತ್ರ ಕೇಳಬೇಡಿ. ಆರು ಲಕ್ಷ ಕರಗಲು ಎರಡು ವರ್ಷ ಹಿಡಿಯಿತು.

ತಿಂಗಳ ಕೊನೆಯ ಗಾಡಿಯ ವಿಷಯದಲ್ಲೂ ಪೆಟ್ಟು ತಿಂದಿದ್ದೇನೆ. 30ಕ್ಕೆ ಹೊರಟ ಲಾರಿ ಮಳೆಗೆ ಕಶೇಡಿ ಘಾಟ್‌ನಲ್ಲಿ ಸಿಕ್ಕಿ 2ಕ್ಕೆ ತಲುಪಿತು. ಸಿಗುವ ಕ್ರೆಡಿಟ್ ತೋರಿಸುವ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ಬಿಲ್ಲು ಬಂದಿತ್ತು. ಆದರೆ ಮಾಲು ಕೈಗೆ ಸಿಗದೆ ಆ ತಿಂಗಳ ಕ್ರೆಡಿಟ್ ತೆಗೆಯುವಂತಿಲ್ಲ, ಮುಂದಿನ ತಿಂಗಳಿಗೆ ಹೋಯಿತು. ಈಗ 26 ದಾಟಿದರೆ ನಾನು ಗೋವಾಕ್ಕೆ ಲೋಡ್ ಮಾಡಿಸುವುದಿಲ್ಲ.

ಪೂರ್ತಿ ಕ್ರೆಡಿಟ್ ಎಂಬ ಷರತ್ತು ಒಮ್ಮೆ ಕಚ್ಚಿತು. ಒಂದು ಕ್ರಿಸ್‌ಮಸ್‌ಗೆ ಮಡಗಾಂವ್‌ನ ಹುಡುಗರು 12 ಮಿಕ್ಸರ್‌ಗಳನ್ನು ಹೋಟೆಲ್‌ನವರಿಗೆ ಉಡುಗೊರೆ ಕೊಟ್ಟುಬಿಟ್ಟರು. ಉಡುಗೊರೆಗೆ ಕ್ರೆಡಿಟ್ ಇಲ್ಲ. 882ರಂತೆ 10,584 ವಾಪಸ್ ಕಟ್ಟಿದೆ. ಕಳಿಸುವಾಗಲೇ ಉಡುಗೊರೆಗೆ ಅಂತ ಗೊತ್ತಿದ್ದರೆ ನಮ್ಮಿಷ್ಟದ ರೇಟೂ ನಡೆಯುವುದಿಲ್ಲ, ನಿಜವಾದ ಮಾರುಕಟ್ಟೆ ಬೆಲೆಯೇ ಹಾಕಬೇಕು. ಮರು ವರ್ಷದಿಂದ ಧಣಿಗಳು ಕ್ರಿಸ್‌ಮಸ್‌ಗೆ ಗೋಡಂಬಿ ಡಬ್ಬ ಹಂಚುತ್ತಿದ್ದಾರೆ.