ಸೋಮವಾರದ ರಿಪೋರ್ಟ್ ಯಾಕೆ ಯಾವಾಗಲೂ ಅಳುಮುಖ: ಕನ್ವರ್ಷನ್ ಲ್ಯಾಗ್ ಕಲಿಸಿದ ಪಾಠ

ಜಾಹೀರಾತಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೊಂದು ಅಭ್ಯಾಸ ಇತ್ತು. ಪ್ರತಿ ಸೋಮವಾರ ಬೆಳಿಗ್ಗೆ ಕಳೆದ 7 ದಿನಗಳ ರಿಪೋರ್ಟ್ ತೆಗೆದು, ಅದರ ಹಿಂದಿನ 7 ದಿನಗಳ ಜೊತೆ ಇಟ್ಟು ನೋಡುತ್ತಿದ್ದೆ. ಫಲ ಇಳಿದಿದ್ದರೆ ಬಿಡ್, ಅಂದರೆ ಒಂದು ಕ್ಲಿಕ್‌ಗೆ ಕೊಡಲು ಒಪ್ಪುವ ಬೆಲೆ, ಕಡಿಮೆ ಮಾಡುತ್ತಿದ್ದೆ. ವಿಚಿತ್ರ ಅಂದರೆ, ಅದು ಯಾವಾಗಲೂ ಇಳಿದೇ ಇರುತ್ತಿತ್ತು.

ಆಗ ನನ್ನ ಕೈಯಲ್ಲಿದ್ದದ್ದು ಒಂದು ಆನ್‌ಲೈನ್ ಕೋರ್ಸ್‌ನ ಸರ್ಚ್ ಕ್ಯಾಂಪೇನ್. ದಿನಕ್ಕೆ ಸುಮಾರು 500 ಕ್ಲಿಕ್ ಬರುತ್ತಿದ್ದವು. ಹಣ ಕಟ್ಟಿ ಸೇರಿದವರನ್ನು ಕನ್ವರ್ಷನ್ ಅಂತ ಎಣಿಸುತ್ತಿದ್ದೆವು. ಒಂದು ಸೋಮವಾರ ನೋಡಿದರೆ ಆ ವಾರಕ್ಕೆ 92 ಕನ್ವರ್ಷನ್, ಹಿಂದಿನ ವಾರಕ್ಕೆ 121. ಕಾಲು ಭಾಗ ಮಾಯ! ಗಾಬರಿಯಾಗಿ ಬಿಡ್ ಇಳಿಸಿದೆ. ಮುಂದಿನ ಸೋಮವಾರವೂ ಅದೇ ಕತೆ, ಮತ್ತೆ ಇಳಿಸಿದೆ. ಮೂರನೇ ವಾರಕ್ಕೆ ಕ್ಲಿಕ್‌ಗಳೇ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದ್ದವು. ಸೇರುವವರೂ ಕಡಿಮೆಯಾದರು, ಈ ಸಲ ನಿಜವಾಗಿಯೂ.

ಕಣ್ಣು ತೆರೆಸಿದ್ದು ಒಂದು ಹಳೆಯ ಫೈಲ್. ಕ್ಲೈಂಟ್‌ಗೆ ಕೊಟ್ಟ ಲೆಕ್ಕ ಹುಡುಕುತ್ತಿದ್ದಾಗ, ಆ 92ರ ವಾರದ ಎಕ್ಸ್‌ಪೋರ್ಟ್ ಸಿಕ್ಕಿತು. ಅದೇ ತಾರೀಕುಗಳನ್ನು ಆಗ ಹೊಸದಾಗಿ ತೆಗೆದು ನೋಡಿದರೆ 136 ಅಂತ ತೋರಿಸುತ್ತಿತ್ತು. ಅದೇ ವಾರ, ಅದೇ ಕ್ಲಿಕ್‌ಗಳು, ಅದೇ ಖರ್ಚು. ನಾನು ಕೆಟ್ಟ ವಾರ ಅಂತ ತೀರ್ಪು ಕೊಟ್ಟಿದ್ದೆನಲ್ಲ, ಅದು ಮಾಮೂಲಿ ವಾರವೇ ಆಗಿತ್ತು.

ಮೊದಲು ಲೆಕ್ಕ ಹಾಕುವ ರೀತಿ ನೋಡೋಣ. ಗೂಗಲ್ ಆಡ್ಸ್‌ನ ಮಾಮೂಲಿ `Conversions` ಕಾಲಂ ಕನ್ವರ್ಷನ್ ಅನ್ನು ಅದು ನಡೆದ ದಿನಕ್ಕೆ ಬರೆಯುವುದಿಲ್ಲ, ಅದಕ್ಕೆ ಕಾರಣವಾದ ಕ್ಲಿಕ್ ನಡೆದ ದಿನಕ್ಕೆ ಬರೆಯುತ್ತದೆ. ಒಬ್ಬರು 3ನೇ ತಾರೀಕು ಜಾಹೀರಾತು ಒತ್ತಿದರು, ಮನೆಯಲ್ಲಿ ಮಾತಾಡಿ 11ನೇ ತಾರೀಕು ಹಣ ಕಟ್ಟಿದರು ಅಂದುಕೊಳ್ಳಿ. ಆ ಒಂದು ಕನ್ವರ್ಷನ್ 3ನೇ ತಾರೀಕಿನ ಸಾಲಿಗೆ ಹೋಗಿ ಕೂರುತ್ತದೆ. ಇದು ನ್ಯಾಯವೇ, ಯಾಕೆಂದರೆ ಖರ್ಚಾದದ್ದು ಅವತ್ತು. ಆದರೆ 4ನೇ ತಾರೀಕು ರಿಪೋರ್ಟ್ ನೋಡಿದವರಿಗೆ ಆ ಮನುಷ್ಯ ಕಾಣುವುದೇ ಇಲ್ಲ. ಖರ್ಚು ಪೂರ್ತಿ ಬರೆದಾಗಿದೆ, ಫಲ ಇನ್ನೂ ಬರುತ್ತಿದೆ. ಈ ತಡಕ್ಕೇ ಕನ್ವರ್ಷನ್ ಲ್ಯಾಗ್ ಅನ್ನುವುದು. ಇತ್ತೀಚಿನ ದಿನ ಅಂದರೆ ಇನ್ನೂ ಕಾಯಿ. ಹಳೆಯ ದಿನ ಹಣ್ಣು. ನಾನು ಪ್ರತಿ ಸೋಮವಾರ ಕಾಯಿಯನ್ನು ಹಣ್ಣಿನ ಪಕ್ಕ ಇಟ್ಟು ರುಚಿ ಸಾಲದು ಅನ್ನುತ್ತಿದ್ದೆ.

ಎಷ್ಟು ದಿನಕ್ಕೆ ಎಷ್ಟು ಮಾಗುತ್ತದೆ ಅಂತ ತಿಳಿಯಲು ಒಂದು ಶೀಟ್ ಶುರು ಮಾಡಿದೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಹಿಂದಿನ 35 ದಿನಗಳ ಕನ್ವರ್ಷನ್‌ಗಳನ್ನು ತಾರೀಕುವಾರು ಎಕ್ಸ್‌ಪೋರ್ಟ್ ಮಾಡಿ ಕೆಳಗೆ ಅಂಟಿಸುತ್ತಾ ಹೋದೆ. ಹಳೆಯ ಸಾಲನ್ನು ಅಳಿಸಿ ಅದರ ಮೇಲೆ ಬರೆಯಲಿಲ್ಲ, ಅದೇ ಇಲ್ಲಿ ಮುಖ್ಯ. ಪ್ರತಿ ಸಾಲಿಗೂ ಮೂರೇ ವಿಷಯ: ಕ್ಲಿಕ್ ಆದ ತಾರೀಕು, ನಾನು ತೆಗೆದ ತಾರೀಕು, ಆಗ ಕಂಡ ಕನ್ವರ್ಷನ್ ಸಂಖ್ಯೆ. 35 ಯಾಕೆ ಅಂದರೆ, ನಮ್ಮ ಕನ್ವರ್ಷನ್ ವಿಂಡೋ 30 ದಿನ. ಕ್ಲಿಕ್ ಆಗಿ 30 ದಿನ ಕಳೆದ ಮೇಲೆ ಹಣ ಕಟ್ಟಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ 31 ದಿನ ತುಂಬಿದ ಸಾಲಿನ ಸಂಖ್ಯೆ ಇನ್ನು ಏರುವುದಿಲ್ಲ ಅಂತ ನಂಬಬಹುದು.

ಮಾರನೇ ಬೆಳಿಗ್ಗೆ ಕಂಡದ್ದು ಕೊನೆಯ ಲೆಕ್ಕದಲ್ಲಿ ಎಷ್ಟು ಪಾಲು ಅನ್ನುವುದಕ್ಕೆ ಇಷ್ಟೇ ಸಾಕಾಯಿತು. A2ನಲ್ಲಿ ಕ್ಲಿಕ್ ತಾರೀಕು ಇದೆ, ಉಳಿದ ಮೂರೂ ಹೆಸರಿಟ್ಟ ರೇಂಜ್‌ಗಳು:

```
=SUMIFS(conv, click_date, A2, pull_date, A2+1)
 /SUMIFS(conv, click_date, A2, pull_date, A2+31)
```

`A2+1` ಇದ್ದ ಕಡೆ `A2+2`, `A2+3` ಅಂತ ಹಾಕುತ್ತಾ ಹೋದರೆ ಪೂರ್ತಿ ಗೆರೆ ಸಿಗುತ್ತದೆ. ಎರಡು ತಿಂಗಳ ಸಾಲುಗಳು ಸೇರಿದ ಮೇಲೆ ಸರಾಸರಿ ತೆಗೆದೆ. ಮಾರನೇ ಬೆಳಿಗ್ಗೆಗೆ 45 ಶೇಕಡಾ ಬಂದಿರುತ್ತಿತ್ತು. ಎರಡನೇ ದಿನಕ್ಕೆ 55, ಮೂರಕ್ಕೆ 62, ನಾಲ್ಕಕ್ಕೆ 68, ಐದಕ್ಕೆ 73, ಆರಕ್ಕೆ 77, ಏಳಕ್ಕೆ 80. ಹದಿನಾಲ್ಕನೇ ದಿನಕ್ಕೆ 90. ಉಳಿದ ಹತ್ತು ಶೇಕಡಾ ತೆವಳುತ್ತಾ ಬರುತ್ತಿತ್ತು.

ಈ ಗೆರೆಯನ್ನು ಆ ಸೋಮವಾರಕ್ಕೆ ಹಿಡಿದು ನೋಡಿದೆ. ದಿನಕ್ಕೆ ಕೊನೆಗೆ 20 ಕನ್ವರ್ಷನ್ ಬರುವ ಮಾಮೂಲಿ ವಾರ ಅಂದುಕೊಳ್ಳಿ, ಒಟ್ಟು 140. ಸೋಮವಾರ ಬೆಳಿಗ್ಗೆ ಭಾನುವಾರದ ಸಾಲಿನಲ್ಲಿ 9 ಕಾಣುತ್ತದೆ, ಶನಿವಾರದ್ದರಲ್ಲಿ 11, ಆಮೇಲೆ 12, 14, 15, 15, 16. ಕೂಡಿಸಿದರೆ 92. ಹಿಂದಿನ ವಾರವೂ 140ರದ್ದೇ, ಆದರೆ ಅದು ಅಷ್ಟರಲ್ಲಿ ಸುಮಾರು 86 ಶೇಕಡಾ ಮಾಗಿರುವುದರಿಂದ 121 ತೋರಿಸುತ್ತದೆ. ಎರಡು ವಾರಗಳೂ ಒಂದೇ ಥರ ಇದ್ದರೂ ರಿಪೋರ್ಟ್‌ನಲ್ಲಿ 24 ಶೇಕಡಾ ಇಳಿಕೆ! ಆ ಇಳಿಕೆಗೆ ನಾನು ಬಿಡ್ ಕತ್ತರಿಸಿದ್ದು.

ವಿಮೆಯ ಲೆಕ್ಕ ನೋಡುವ ಗೆಳೆಯನೊಬ್ಬನಿಗೆ ಈ ಶೀಟ್ ತೋರಿಸಿದೆ. ನಕ್ಕುಬಿಟ್ಟ. ಅಪಘಾತ ಆಗಿದೆ, ಕ್ಲೇಮ್ ಇನ್ನೂ ಬಂದಿಲ್ಲ ಅನ್ನುವ ಸ್ಥಿತಿಗೆ ಅವರು ಇದೇ ಥರದ ತ್ರಿಕೋನ ಕೋಷ್ಟಕ ಕಟ್ಟುತ್ತಾರಂತೆ, ಅದರಿಂದ ಕೊನೆಯ ಲೆಕ್ಕ ಊಹಿಸುವ ವಿಧಾನಕ್ಕೆ ಚೈನ್ ಲ್ಯಾಡರ್ ಅಂತ ಹೆಸರೂ ಇದೆ. ನಾನೇನೋ ಹೊಸದು ಕಂಡುಹಿಡಿದೆ ಅಂತ ಬೀಗುತ್ತಿದ್ದೆ!

ಇಷ್ಟೆಲ್ಲಾ ಯಾಕೆ, ಗೂಗಲ್ ಆಡ್ಸ್‌ನಲ್ಲೇ `Days to conversion` ಅನ್ನುವ ಸೆಗ್ಮೆಂಟ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಈಗ ನಾನೂ ಅದನ್ನೇ ಮೊದಲು ನೋಡುತ್ತೇನೆ. ಆದರೆ ಅದರಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಕಳೆದ 30 ದಿನ ಅಂತ ಆರಿಸಿದರೆ, ಅದರಲ್ಲಿ ನಿನ್ನೆಯ ಕ್ಲಿಕ್‌ಗಳೂ ಇರುತ್ತವೆ. ನಿನ್ನೆ ಒತ್ತಿದವರು ಹತ್ತು ದಿನ ತಡವಾಗಿ ಹಣ ಕಟ್ಟಲು ಇನ್ನೂ ಅವಕಾಶವೇ ಸಿಕ್ಕಿಲ್ಲ. ಬೇಗ ಕಟ್ಟಿದವರು ಮಾತ್ರ ಎಣಿಕೆಗೆ ಸಿಗುತ್ತಾರೆ. ಹಾಗಾಗಿ ಎಲ್ಲರೂ ಎರಡೇ ದಿನದಲ್ಲಿ ಕೊಳ್ಳುತ್ತಾರೆ ಅನ್ನುವ ಭ್ರಮೆ ಬರುತ್ತದೆ. ವಿಂಡೋ ಪೂರ್ತಿ ಮುಗಿದ ತಾರೀಕುಗಳನ್ನೇ ಆರಿಸಬೇಕು. ನಮ್ಮ ಲೆಕ್ಕಕ್ಕೆ ಅಂದರೆ 31 ದಿನಕ್ಕಿಂತ ಹಿಂದಿನವು.

ಇನ್ನೊಂದು ಸುಲಭದ ದಾರಿ `Conversions (by conv. time)` ಕಾಲಂ. ಇದು ಹಣ ಕಟ್ಟಿದ ದಿನಕ್ಕೇ ಬರೆಯುತ್ತದೆ, ಹಾಗಾಗಿ ಇತ್ತೀಚಿನ ದಿನಗಳು ಸೊರಗಿದಂತೆ ಕಾಣುವುದಿಲ್ಲ. ಒಟ್ಟು ಮಾರಾಟದ ಜೊತೆ ತಾಳೆ ನೋಡಲು ಚೆನ್ನಾಗಿದೆ. ಆದರೆ ಖರ್ಚು ಬದಲಾದ ವಾರದಲ್ಲಿ ಇದನ್ನು ನಂಬಬೇಡಿ. ಉದಾಹರಣೆಗೆ ನಾನು ಕ್ಲಿಕ್‌ಗಳನ್ನು 500ರಿಂದ 250ಕ್ಕೆ ಇಳಿಸಿದ ಮೊದಲ ದಿನ ತೆಗೆದುಕೊಳ್ಳಿ. ಹೊಸ 250 ಕ್ಲಿಕ್‌ಗಳಿಂದ ಅವತ್ತೇ ಬರುವುದು ನಾಲ್ಕೈದು ಕನ್ವರ್ಷನ್. ಹಿಂದಿನ ದಿನಗಳ ಕ್ಲಿಕ್‌ಗಳಿಂದ ಇನ್ನೂ 11 ಬಂದು ಬೀಳುತ್ತವೆ. ಹೆಚ್ಚುಕಡಿಮೆ 16 ಕ್ಲಿಕ್‌ಗೆ ಒಂದು ಕನ್ವರ್ಷನ್ ಅಂತ ಕಾಣುತ್ತದೆ, ಮೊದಲು 25 ಕ್ಲಿಕ್‌ಗೆ ಒಂದು ಇತ್ತು. ಬಜೆಟ್ ಕತ್ತರಿಸಿದವನು ಜಾಣ ಅನ್ನಿಸಿಬಿಡುತ್ತಾನೆ! ಅದು ಹಳೆಯ ಖರ್ಚಿನ ಫಲ, ಸ್ವಲ್ಪ ದಿನದಲ್ಲಿ ಒಣಗುತ್ತದೆ. ಬಜೆಟ್ ಏರಿಸಿದರೆ ಇದೇ ಮೋಸ ತಿರುಗುಮುರುಗಾಗಿ ಆಗುತ್ತದೆ.

ಗೆರೆ ಕೈಗೆ ಸಿಕ್ಕ ಮೇಲೆ ಕಂಡ ಸಂಖ್ಯೆಯನ್ನು ಅದರ ಪಾಲಿನಿಂದ ಭಾಗಿಸಿ ಕೊನೆಯ ಸಂಖ್ಯೆ ಊಹಿಸುವ ಆಸೆ ಎಲ್ಲರಿಗೂ ಬರುತ್ತದೆ. 9 ಅನ್ನು 0.45ರಿಂದ ಭಾಗಿಸಿದರೆ 20, ಸರಿ. ಆದರೆ ಭಾನುವಾರ ಸುಮ್ನೆ ಇಬ್ಬರು ಕಡಿಮೆ ಬಂದು 7 ಆಗಿದ್ದರೆ ಊಹೆ 16ರ ಹತ್ತಿರ ಇಳಿಯುತ್ತದೆ, ಇಬ್ಬರು ಜಾಸ್ತಿ ಬಂದಿದ್ದರೆ 24 ದಾಟುತ್ತದೆ. ಕಾಯಿ ದಿನಗಳಲ್ಲಿ ಈ ಭಾಗಾಕಾರ ಆಕಸ್ಮಿಕವನ್ನೂ ಉಬ್ಬಿಸುತ್ತದೆ. ಅದಕ್ಕೆ ನಾನು ಒಂದೊಂದು ದಿನಕ್ಕೆ ಇದನ್ನು ಮಾಡುವುದಿಲ್ಲ. ಇಡೀ ವಾರದ 92 ಅನ್ನು ವಾರದ ಸರಾಸರಿ 66 ಶೇಕಡಾದಿಂದ ಭಾಗಿಸಿ, 139 ಅಂದರೆ ಸುಮಾರು 140 ಅನ್ನುತ್ತೇನೆ. ಕ್ಲೈಂಟ್‌ಗೆ ಕೊಡುವಾಗ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಕಾಲಂನಲ್ಲಿ ಇಡುತ್ತೇನೆ. ಬೆರೆಸಿದರೆ ಮುಂದಿನ ತಿಂಗಳು ನಾವೇ ಸಿಕ್ಕಿಬೀಳುತ್ತೇವೆ, ಅಲ್ವಾ?

ಇನ್ನು, ಗೆರೆ ಒಂದೇ ಇರುವುದಿಲ್ಲ. ಕೋರ್ಸ್‌ನ ಹೆಸರನ್ನೇ ಟೈಪ್ ಮಾಡಿ ಹುಡುಕಿ ಬಂದವರು ಅವತ್ತೇ ಸೇರುತ್ತಿದ್ದರು. ಆ ವಿಷಯ ಕಲಿಯಬೇಕು ಅಂತ ಸುಮ್ನೆ ಹುಡುಕುತ್ತಾ ಬಂದವರು ವಾರಗಟ್ಟಲೆ ಯೋಚಿಸುತ್ತಿದ್ದರು. ಎರಡನ್ನೂ ಕೂಡಿಸಿ ಒಂದೇ ಗೆರೆ ಎಳೆದರೆ ಎರಡಕ್ಕೂ ತಪ್ಪುತ್ತದೆ. ರಿಯಾಯಿತಿಯ ಕೊನೆಯ ದಿನ ಹತ್ತಿರ ಬಂದಾಗಲೂ ಜನ ಬೇಗ ಹಣ ಕಟ್ಟುತ್ತಾರೆ, ಮಾರನೇ ಬೆಳಿಗ್ಗೆಗೇ ಮಾಮೂಲಿಗಿಂತ ಬಹಳ ಹೆಚ್ಚು ಪಾಲು ಬಂದಿರುತ್ತದೆ. ಆಗ ಹಳೆಯ 45ರಿಂದ ಭಾಗಿಸಿದರೆ ಇಲ್ಲದ ಹಬ್ಬ ಕಾಣುತ್ತದೆ.

ಇದರಿಂದ ಎದ್ದ ದೊಡ್ಡ ಪ್ರಶ್ನೆ ಬೇರೆ. ಇತ್ತೀಚಿನ ದಿನಗಳು ಯಾವಾಗಲೂ ಕೆಟ್ಟದಾಗೇ ಕಾಣುತ್ತವೆ ಅಂದರೆ, ನಿಜವಾಗಿ ಕೆಟ್ಟಾಗ ಗೊತ್ತಾಗುವುದು ಹೇಗೆ? ಎಲ್ಲವನ್ನೂ ಲ್ಯಾಗ್ ಮೇಲೆ ಹಾಕಿ ಕೂತರೆ ಅದೂ ಅಪಾಯ. ನನಗೆ ಸಿಕ್ಕ ದಾರಿ, ಒಂದೇ ವಯಸ್ಸಿನ ದಿನಗಳನ್ನು ಹೋಲಿಸುವುದು. ನಿನ್ನೆಯನ್ನು ಹೋದ ವಾರದ ಜೊತೆ ಇಡಬಾರದು. ಹೋದ ವಾರದ ಅದೇ ವಾರದ ದಿನ, ಅದಕ್ಕೆ ಒಂದು ದಿನದ ವಯಸ್ಸಾಗಿದ್ದಾಗ ಎಷ್ಟು ತೋರಿಸುತ್ತಿತ್ತು ಅನ್ನುವುದರ ಜೊತೆ ಇಡಬೇಕು. ರಿಪೋರ್ಟ್‌ನಲ್ಲಿ ಆ ಹಳೆಯ ಸಂಖ್ಯೆ ಈಗ ಸಿಗುವುದಿಲ್ಲ, ಅದು ಬೆಳೆದುಬಿಟ್ಟಿರುತ್ತದೆ. ನನ್ನ ಶೀಟ್‌ನಲ್ಲಿ ಮಾತ್ರ ಇರುತ್ತದೆ. ದಿನಾ ಅಂಟಿಸುವ ಬೇಸರದ ಕೆಲಸವನ್ನು ನಾನು ಇವತ್ತಿಗೂ ಬಿಟ್ಟಿಲ್ಲದಿರುವುದಕ್ಕೆ ಇದೇ ಕಾರಣ.

ಒಂದು ಶುಕ್ರವಾರ ಬೆಳಿಗ್ಗೆ ಗುರುವಾರದ ಸಾಲಿನಲ್ಲಿ 2 ಇತ್ತು. ತಂಡದ ಹುಡುಗ, "ಲ್ಯಾಗ್ ಅಲ್ವಾ ಸರ್, ಬರುತ್ತೆ ಬಿಡಿ" ಅಂದ. ಪಾಠ ಚೆನ್ನಾಗಿ ಕಲಿತಿದ್ದ. ಶೀಟ್ ತೆಗೆದು ನೋಡಿದೆ. ಹಿಂದಿನ ಎಂಟು ಗುರುವಾರಗಳು ಒಂದು ದಿನದ ವಯಸ್ಸಿನಲ್ಲಿ 7ರಿಂದ 11ರ ನಡುವೆ ಇದ್ದವು. ಕ್ಲಿಕ್‌ಗಳು ಮಾಮೂಲಿನಷ್ಟೇ. ಕ್ಲೈಂಟ್‌ನಿಂದ ಹಣ ಕಟ್ಟಿದವರ ಪಟ್ಟಿ ಕೇಳಿದರೆ ಅವರ ಕಡೆ ಸೇರ್ಪಡೆಗಳು ಎಂದಿನಂತೆ ನಡೆದಿದ್ದವು. ಗುರುವಾರ ಬೆಳಿಗ್ಗೆ ಯಾರೋ ಧನ್ಯವಾದದ ಪುಟವನ್ನು ಹೊಸದಾಗಿ ಮಾಡಿದ್ದರು, ಅದರಲ್ಲಿ ಹಣ ಕಟ್ಟಿದ್ದನ್ನು ಎಣಿಸುವ ನಮ್ಮ ಕನ್ವರ್ಷನ್ ಟ್ಯಾಗ್ ಬಿಟ್ಟುಹೋಗಿತ್ತು. ಮಧ್ಯಾಹ್ನಕ್ಕೆ ವಾಪಸ್ ಹಾಕಿಸಿದೆವು. ಆ ಎರಡು ದಿನಗಳಲ್ಲಿ ತಪ್ಪಿದವು ಮತ್ತೆ ಬರಲಿಲ್ಲ. ಅಷ್ಟೇ ಅಲ್ಲ, ಅದಕ್ಕೂ ಹಿಂದೆ ಕ್ಲಿಕ್ ಮಾಡಿ ಆ ಹೊತ್ತಿನಲ್ಲಿ ಹಣ ಕಟ್ಟಿದವರೂ ಕಳೆದುಹೋಗಿದ್ದರಿಂದ, ಹಿಂದಿನ ಕೆಲವು ದಿನಗಳ ಸಾಲುಗಳೂ ಸ್ವಲ್ಪ ಸೊರಗಿಯೇ ಉಳಿದವು. ಶೀಟ್‌ನಲ್ಲಿ ಅವಕ್ಕೆಲ್ಲ ಹಳದಿ ಬಣ್ಣ ಬಳಿದು, ಸರಾಸರಿ ತೆಗೆಯುವಾಗ ಪಕ್ಕಕ್ಕಿಟ್ಟಿದ್ದೇನೆ.